ಒಂದು ಸಮ್ಮತಿ ಪತ್ರದ ಜಾಡು ಹಿಡಿದು

‘ಮೇಡಂ, ನಿಮ್ಮ ಅನುವಾದ ಯಂತ್ರದಿಂದ ತೆಗೆದದ್ದು ಅಂತ ನಮ್ಮ ಪರಿಶೀಲಕರು ಹೇಳ್ತಿದ್ದಾರೆ. ನೀವೇ ಮಾಡಿದ್ದು ಅನ್ನೋದಕ್ಕೆ ಪುರಾವೆ ಕಳಿಸಿ. ಅಲ್ಲಿವರೆಗೂ ಬಿಲ್ ತಡೆಹಿಡಿದಿದ್ದೇವೆ.’

2024ರ ಜೂನ್‌ನಲ್ಲಿ, ಕೆಲಸ ಒಪ್ಪಿಸಿದ ಐದನೆಯ ದಿನ ಬಂದ ಇಮೇಲ್‌ನ ಸಾರ ಇಷ್ಟೇ. ಕಳುಹಿಸಿದ್ದು ಹೊರರಾಜ್ಯದ ಒಂದು ಅನುವಾದ ಏಜೆನ್ಸಿ. ಪಡೆದದ್ದು ಮೈಸೂರಿನ ಕುವೆಂಪುನಗರದಲ್ಲಿ ಮನೆಯಿಂದಲೇ ಇಂಗ್ಲಿಷ್–ಕನ್ನಡ ಅನುವಾದ ಮಾಡುವ ಫ್ರೀಲಾನ್ಸ್ ಅನುವಾದಕಿ. ಅವರ ಹೆಸರು ಇಲ್ಲಿ ಬೇಡ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದವರು. ನಾನು ಅವರ ಮನೆಗೆ ಹೋದದ್ದು ಆಸ್ಪತ್ರೆಯ ಕನ್ನಡದ ಬಗ್ಗೆ ಮಾತಾಡಲು. ಆದರೆ ಅವರು ಲ್ಯಾಪ್‌ಟಾಪ್ ತೆರೆದು ಈ ಪ್ರಕರಣದ ಫೈಲುಗಳನ್ನು ಒಂದೊಂದಾಗಿ ತೋರಿಸತೊಡಗಿದ ಮೇಲೆ ಬಂದ ಕೆಲಸ ಮರೆತೇಹೋಯಿತು.

ಕೆಲಸ ದೊಡ್ಡದೇನಲ್ಲ. ಹೊಸ ಔಷಧದ ಪರೀಕ್ಷೆಗೆ ಸೇರುವವರಿಗೆ ಓದಲು ಕೊಟ್ಟು ಸಹಿ ಪಡೆಯುವ ಮಾಹಿತಿ ಮತ್ತು ಸಮ್ಮತಿ ಪತ್ರ. ಇಂಗ್ಲಿಷ್‌ನಲ್ಲಿ 3,840 ಪದ, ತಂತ್ರಾಂಶ ಒಡೆದುಕೊಟ್ಟ ಲೆಕ್ಕದಲ್ಲಿ 290 ಸೆಗ್ಮೆಂಟು, ಗಡುವು ನಾಲ್ಕು ದಿನ. ಈ ಬಗೆಯ ಪತ್ರದಲ್ಲಿ ದಿನಕ್ಕೆ ಎರಡು ಸಾವಿರ ಪದ ಮುಗಿಸುವುದು ಅನುಭವಿಗಳಿಗೆ ಸಾಧ್ಯ. ಉಳಿದ ಸಮಯ ತಿದ್ದುವುದಕ್ಕೆ.

ಏಜೆನ್ಸಿಯ ಭಯಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳಲಾರೆ. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕೆಂದು 2019ರ ಔಷಧ ಪರೀಕ್ಷಾ ನಿಯಮಗಳು ಹೇಳುತ್ತವೆ. ಕನ್ನಡ ಪ್ರತಿ ಎಥಿಕ್ಸ್ ಸಮಿತಿಯ ಮುಂದೆ ಹೋಗುತ್ತದೆ. ಮಾರುಕಟ್ಟೆಗೆ ಬಾರದ ಔಷಧದ ವಿವರವನ್ನು ಯಾರಾದರೂ ಉಚಿತ ಅನುವಾದದ ಜಾಲತಾಣಕ್ಕೆ ಅಂಟಿಸಿದರೆ ಗುಟ್ಟು ಹೊರಗೆ ಹೋದಂತೆಯೇ. ಹಣದ ಮಾತೂ ಇದೆ. ಯಂತ್ರ ಕೊಟ್ಟದ್ದನ್ನು ತಿದ್ದುವ ಕೆಲಸಕ್ಕೆ ದರ ಕಡಿಮೆ, ಅದಕ್ಕೆ ಬೇರೆಯದೇ ಮಾನದಂಡ: ಮನುಷ್ಯರ ಅನುವಾದಕ್ಕೆ 2015ರ ಐಎಸ್‌ಒ 17100, ಯಂತ್ರಾನುವಾದದ ತಿದ್ದುಪಡಿಗೆ 2017ರ ಐಎಸ್‌ಒ 18587. ಒಂದರ ದರ ಪಡೆದು ಇನ್ನೊಂದನ್ನು ಕೊಟ್ಟರೆ ಅದು ಮೋಸವೇ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನದನ್ನು ಯಾರೂ ಕದ್ದು ಬಳಸುವಂತಿರಲಿಲ್ಲ. 2017ರಲ್ಲಿ ನ್ಯೂರಲ್ ವಿಧಾನ ಬಂದ ಮೇಲೆ ವಾಕ್ಯಗಳು ನಡೆಯತೊಡಗಿದವು, ಅನುಮಾನವೂ ಶುರುವಾಯಿತು.

ಏಜೆನ್ಸಿ ಕೊಟ್ಟ ಆಧಾರ ಎರಡು. ಒಂದು, ಯಾವುದೋ ಪತ್ತೆ ತಂತ್ರಾಂಶ ಈ ಪಠ್ಯವನ್ನು ಯಂತ್ರದ್ದೆಂದು ಗುರುತಿಸಿತ್ತು. ಇದನ್ನು ನಾನು ಒಂದು ಕ್ಷಣವೂ ನಂಬುವುದಿಲ್ಲ. ಓಪನ್‌ಎಐ ಸಂಸ್ಥೆ ತಾನೇ ಮಾಡಿದ ಪತ್ತೆ ಸಾಧನ ತನ್ನದೇ ಪರೀಕ್ಷೆಯಲ್ಲಿ ಯಂತ್ರದ ಇಂಗ್ಲಿಷ್ ಬರಹದಲ್ಲಿ ನೂರಕ್ಕೆ 26ನ್ನು ಮಾತ್ರ ಹಿಡಿಯಿತು, ಮನುಷ್ಯರು ಬರೆದದ್ದರಲ್ಲಿ ನೂರಕ್ಕೆ 9ನ್ನು ಯಂತ್ರದ್ದೆಂದಿತು. 2023ರ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡರು. ಇಂಗ್ಲಿಷ್‌ಗೇ ಈ ಗತಿಯಾದರೆ ಕನ್ನಡದ ಸಮ್ಮತಿ ಪತ್ರದ ಮೇಲೆ ಅಂಥ ಸಾಧನದ ತೀರ್ಪಿಗೆ ಬೆಲೆಯೇನು?

ಎರಡನೆಯದು ಗಟ್ಟಿ ಆರೋಪ. ಪರಿಶೀಲಕರು ಇಂಗ್ಲಿಷ್ ಪಠ್ಯವನ್ನು ಯಂತ್ರಕ್ಕೆ ಹಾಕಿ ಅಕ್ಕಪಕ್ಕ ಇಟ್ಟು ನೋಡಿದ್ದರು. 31 ಸೆಗ್ಮೆಂಟುಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದವು. ಅನುವಾದಕಿ ಜಗಳಕ್ಕೆ ಹೋಗದೆ ಆ ಮೂವತ್ತೊಂದನ್ನೂ ಒಂದು ಪಟ್ಟಿ ಮಾಡಿದರು. ಹನ್ನೆರಡು ‘ಹೆಸರು’, ‘ಸಹಿ’, ‘ದಿನಾಂಕ’ದಂಥ ಖಾನೆಗಳು ಮತ್ತು ಶೀರ್ಷಿಕೆಗಳು. ಯಾರು ಬರೆದರೂ ಅವು ಹಾಗೆಯೇ ಬರುತ್ತವೆ. ಉಳಿದ ಹತ್ತೊಂಬತ್ತು ಎಲ್ಲಿಂದ ಬಂದವು ನೋಡಿ: ಕೆಲಸದ ಜೊತೆ ಏಜೆನ್ಸಿಯೇ ಕಳುಹಿಸಿದ್ದ ಟ್ರಾನ್ಸ್‌ಲೇಶನ್ ಮೆಮೊರಿಯಿಂದ. ಹಿಂದಿನ ಕೆಲಸಗಳಲ್ಲಿ ಒಪ್ಪಿತವಾದ ವಾಕ್ಯಗಳನ್ನು ಕೂಡಿಟ್ಟ ಕಡತ ಅದು. ನೂರಕ್ಕೆ ನೂರು ಹೊಂದಿದರೆ ಬದಲಿಸಬೇಡಿ ಎಂಬ ಸೂಚನೆಯೂ ಇತ್ತು. ಆ ವಾಕ್ಯಗಳ ಮೇಲಿದ್ದ ತಾರೀಖು 2015 ಮತ್ತು 2016. ನ್ಯೂರಲ್ ಯಂತ್ರ ಕನ್ನಡಕ್ಕೆ ಬರುವ ಮೊದಲೇ ಯಾರೋ ಕೂತು ಬರೆದಿಟ್ಟ ಸಾಲುಗಳು ಅವು.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಏಜೆನ್ಸಿ ಕೆಲಸದ ಮೂಲ ಕಡತವನ್ನೂ ಕೇಳಿತು. ನನ್ನನ್ನು ಅಂದು ಕುರ್ಚಿಯಿಂದ ಏಳಗೊಡದ ವಿಷಯ ಇರುವುದು ಅಲ್ಲಿ.

ಅನುವಾದಕಿ ಬಳಸುವುದು ಒಮೆಗಾಟಿ ಎಂಬ ಉಚಿತ, ಮುಕ್ತ ತಂತ್ರಾಂಶ. ಮಾಡಿದ ಅನುವಾದವೆಲ್ಲ `project_save.tmx` ಎಂಬ ಕಡತದಲ್ಲಿ ಕೂರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿ ಕನ್ನಡ ವಾಕ್ಯದ ಜೊತೆಗೂ ಎರಡು ಮುದ್ರೆ ಕಾಣುತ್ತವೆ: ಮೊದಲು ಬರೆದದ್ದು ಯಾವಾಗ, ಕೊನೆಗೆ ತಿದ್ದಿದ್ದು ಯಾವಾಗ. ಅವರು ತೋರಿಸಿದ ಒಂದು ವಾಕ್ಯದ್ದು ಹೀಗಿತ್ತು.

```
creationdate="20240611T101530Z"
changedate="20240612T174210Z"
```

ಜೂನ್ 11ರಂದು ಬರೆದು 12ರಂದು ತಿದ್ದಿದ್ದಾರೆ ಎಂದು ಯಾರಾದರೂ ಓದಬಹುದು. ಸಮಯವನ್ನು ಓದುವುದರಲ್ಲಿಯೇ ಏಜೆನ್ಸಿ ಎಡವಿತು. ಆ ವಾಕ್ಯ ಆಸ್ಪತ್ರೆ ಸೇರಬೇಕಾಗಿ ಬಂದರೆ ಎಷ್ಟು ಹೊತ್ತಿನೊಳಗೆ ವೈದ್ಯರಿಗೆ ತಿಳಿಸಬೇಕು ಎಂಬುದರ ಬಗ್ಗೆ. ಇಂಗ್ಲಿಷ್‌ನ ಏಳನೆಯ ಪುಟದಲ್ಲಿ 24 ಗಂಟೆ ಎಂದಿದ್ದರೆ ಕೊನೆಯ ಕೋಷ್ಟಕದಲ್ಲಿ 48 ಎಂದಿತ್ತು. 12ರ ರಾತ್ರಿ ತಿದ್ದಲು ಕೂತಾಗ ಇವರಿಗೆ ಅದು ಕಣ್ಣಿಗೆ ಬಿತ್ತು. ವಾಕ್ಯದಲ್ಲಿ ಸದ್ಯಕ್ಕೆ 24 ಉಳಿಸಿ, ಗುರುತು ಹಾಕಿ, ಯಾವುದು ಸರಿ ಎಂದು 11.20ಕ್ಕೆ ಇಮೇಲ್ ಕಳುಹಿಸಿದರು. ತಮ್ಮ ವಿವರಣೆಯಲ್ಲಿಯೂ ‘ತಿದ್ದಿದ ಕೂಡಲೇ ಕೇಳಿದೆ’ ಎಂದು ಬರೆದಿದ್ದರು. ಏಜೆನ್ಸಿಯವರು ಕಡತ ನೋಡಿ, ತಿದ್ದಿದ್ದು 17.42ಕ್ಕೆ, ಅಂದರೆ ಸಂಜೆ ಆರಕ್ಕೂ ಮೊದಲು, ನಿಮ್ಮ ಮಾತು ಕಡತಕ್ಕೆ ತಾಳೆಯಾಗುತ್ತಿಲ್ಲ ಎಂದರು.

ಕೊನೆಯಲ್ಲಿರುವ ಆ Z ಅಕ್ಷರವನ್ನು ಅವರು ಗಮನಿಸಿರಲಿಲ್ಲ. ಸಮಯ ಭಾರತದ್ದಲ್ಲ, ಅಂತರರಾಷ್ಟ್ರೀಯ ಪ್ರಮಾಣ ಸಮಯ ಎಂಬುದರ ಗುರುತು ಅದು. ಐದೂವರೆ ಗಂಟೆ ಕೂಡಿಸಿದರೆ 17.42 ಆಗುವುದು ರಾತ್ರಿ 11.12. ಎಂಟು ನಿಮಿಷದ ನಂತರ ಇಮೇಲ್. ಲೆಕ್ಕ ಸರಿಹೋಯಿತು.

ಈ ಐದೂವರೆ ಗಂಟೆ ಗಡಿಯಾರವನ್ನಷ್ಟೇ ಅಲ್ಲ, ಕ್ಯಾಲೆಂಡರನ್ನೂ ಸರಿಸುತ್ತದೆ. ನಮ್ಮಲ್ಲಿ ನಡುರಾತ್ರಿಯಿಂದ ಬೆಳಗಿನ ಐದೂವರೆಯೊಳಗೆ ಮಾಡಿದ ಕೆಲಸಕ್ಕೆಲ್ಲ ಹಿಂದಿನ ದಿನದ ತಾರೀಖು ಬೀಳುತ್ತದೆ. ಈ ಅನುವಾದಕಿ ಮನೆ ಏಳುವ ಮೊದಲು, ಬೆಳಗಿನ ಐದಕ್ಕೇ ಕೂರುವವರು. 12ರ ಬೆಳಿಗ್ಗೆ 5.10ಕ್ಕೆ ಬರೆದ ಸಾಲು ಕಡತದಲ್ಲಿ `20240611T234000Z` ಎಂದು ನಿಂತಿದೆ. 11ರಂದು ರಾತ್ರಿ ಹತ್ತಕ್ಕೇ ಮಲಗಿದೆ ಎಂದವರು ಹನ್ನೊಂದೂ ನಲವತ್ತಕ್ಕೆ ಹೇಗೆ ಬರೆದರು ಎಂಬ ಪ್ರಶ್ನೆಯೂ ಬಂದಿತ್ತಂತೆ. ನಾನು ಆ ಕಡತವನ್ನು ಮೇಲಿಂದ ಕೆಳಗೆ ಓದುತ್ತ ಐದೂವರೆ ಕೂಡಿಸುತ್ತ ಹೋದೆ. ಹಾಗೆ ಓದಿದಾಗ ನಾಲ್ಕು ದಿನದ ಬದುಕು ಕಾಣಿಸಿತು: ಬೆಳಿಗ್ಗೆ ಎರಡು ಗಂಟೆ ಬಿಡದೆ ನಡೆದ ಸಾಲುಗಳು, ಏಳರಿಂದ ಒಂಬತ್ತೂವರೆವರೆಗೆ ಏನೂ ಇಲ್ಲ, ಆಮೇಲೆ ಮತ್ತೆ ಶುರು. ಸುಲಭದ ವಾಕ್ಯಗಳ ನಡುವೆ ಮುಕ್ಕಾಲು ನಿಮಿಷದ ಅಂತರ, ಅಡ್ಡಪರಿಣಾಮಗಳ ಪುಟದಲ್ಲಿ ಒಂದೊಂದಕ್ಕೂ ಆರೇಳು ನಿಮಿಷ. ಯಂತ್ರದ್ದನ್ನು ಒಟ್ಟಿಗೆ ತುಂಬಿದ್ದರೆ ಹತ್ತಾರು ಸಾಲುಗಳ ಮೇಲೆ ಒಂದೇ ಸೆಕೆಂಡಿನ ಮುದ್ರೆ ಬೀಳುತ್ತಿತ್ತು. ಇಲ್ಲಿ ಹಾಗೆ ಬಿದ್ದದ್ದು ಮೆಮೊರಿಯಿಂದ ಬಂದ ಆ ಹತ್ತೊಂಬತ್ತಕ್ಕೆ ಮಾತ್ರ.

ಅನುವಾದ ಹೇಗೆ ನಡೆಯುತ್ತದೆ ಎಂದು ಈ ಅಂತರಗಳ ಮೂಲಕವೇ ಅಧ್ಯಯನ ಮಾಡುವವರಿದ್ದಾರೆ. ಕೋಪನ್‌ಹೇಗನ್ ಬಿಸಿನೆಸ್ ಸ್ಕೂಲ್‌ನ ಆರ್ಂಟ್ ಲುಕ್ಕೆ ಯಾಕೋಬ್ಸನ್ 1990ರ ದಶಕದಲ್ಲಿ ಟ್ರಾನ್ಸ್‌ಲಾಗ್ ಎಂಬ ತಂತ್ರಾಂಶ ರೂಪಿಸಿದ್ದು ಕೀಲಿ ಒತ್ತಿದ ಪ್ರತಿ ಕ್ಷಣವನ್ನೂ ದಾಖಲಿಸುವುದಕ್ಕೆ. ಎಲ್ಲಿ ಕೈ ನಿಂತಿತೋ ಅಲ್ಲಿ ಅನುವಾದಕರು ಯೋಚಿಸುತ್ತಿದ್ದರು ಎಂಬುದು ಅದರ ಹಿಂದಿನ ತರ್ಕ.

ಆದರೂ ಈ ಕಡತ ಒಂದನ್ನೇ ಹಿಡಿದು ತೀರ್ಪು ಕೊಡಬಾರದು. ಅದು ಬರಿಯ ಪಠ್ಯ ಕಡತ, ಯಾರು ಬೇಕಾದರೂ ತೆರೆದು ಅಂಕಿ ಬದಲಿಸಬಹುದು. ಕಂಪ್ಯೂಟರಿನ ಗಡಿಯಾರವನ್ನು ಹಿಂದೆ ಮುಂದೆ ಮಾಡಬಹುದು. ಯಂತ್ರದ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಟೈಪ್ ಮಾಡಿದರೂ ಇಂಥದೇ ಮುದ್ರೆಗಳು ಬೀಳುತ್ತವೆ. ಹಾಗಾಗಿ ನನ್ನ ಮಟ್ಟಿಗೆ ಗಟ್ಟಿ ಸಾಕ್ಷಿ ರಾತ್ರಿ 11.20ರ ಆ ಇಮೇಲ್. ಅದು ಅವರ ಲ್ಯಾಪ್‌ಟಾಪಿನಲ್ಲಿಲ್ಲ, ಏಜೆನ್ಸಿಯ ಇನ್‌ಬಾಕ್ಸಿನಲ್ಲೇ ಇತ್ತು. ಏಳನೆಯ ಪುಟವನ್ನೂ ಕೊನೆಯ ಕೋಷ್ಟಕವನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಓದಿದವರು ಕೇಳಿದ ಪ್ರಶ್ನೆ ಅದು. ಅದಕ್ಕೆ ಮರುದಿನ ಏಜೆನ್ಸಿಯೇ ‘24 ಸರಿ, ಕೋಷ್ಟಕ ತಿದ್ದುತ್ತಾರೆ’ ಎಂದು ಉತ್ತರವನ್ನೂ ಕೊಟ್ಟಿತ್ತು. ಉತ್ತರ ಕೊಟ್ಟವರು ಬೇರೆ, ಬಿಲ್ ತಡೆದವರು ಬೇರೆ.

ಏಜೆನ್ಸಿಯ ಕೊನೆಯ ಬೇಡಿಕೆ ಮುಂದಿನ ಕೆಲಸಗಳ ಪೂರ್ತಿ ಸ್ಕ್ರೀನ್ ರೆಕಾರ್ಡಿಂಗ್. ಇದಕ್ಕೆ ಅನುವಾದಕಿ ಒಪ್ಪಲಿಲ್ಲ. ಅದೇ ಪರದೆಯಲ್ಲಿ ಬೇರೆ ಗಿರಾಕಿಗಳ ಗೋಪ್ಯ ಕಾಗದಗಳೂ ತೆರೆದಿರುತ್ತವೆ. ಒಪ್ಪದೇ ಇದ್ದದ್ದು ಸರಿ. ಬದಲಿಗೆ, ನೀವೇ ಒಂದು ಹೊಸ ಪುಟ ಕೊಡಿ, ವಿಡಿಯೊ ಕರೆಯಲ್ಲಿ ಎದುರಿಗೇ ಮಾಡುತ್ತೇನೆ ಎಂದರು. 160 ಪದಕ್ಕೆ ನಲವತ್ತು ನಿಮಿಷ ಹಿಡಿಯಿತು. ಅದರಲ್ಲಿ ಒಂದು ಸಾಲು 10 ಮಿಲಿಲೀಟರ್ ರಕ್ತ ತೆಗೆಯುವುದರ ಬಗ್ಗೆ. ಮೊದಲು ‘ಸುಮಾರು ಎರಡು ಚಮಚ’ ಎಂದು ಬರೆದರು. ಮೂರು ಸಾಲು ಮುಂದೆ ಹೋದವರು ಹಿಂದಿರುಗಿ ‘ಎರಡು ಟೀ ಚಮಚ’ ಎಂದು ತಿದ್ದಿದರು. ಪರಿಶೀಲಕರು ಯಾಕೆಂದು ಕೇಳಿದರಂತೆ. ‘ಊಟದ ಚಮಚದಲ್ಲಿ ಎರಡು ಅಂದರೆ ಮೂವತ್ತು ಮಿಲಿಲೀಟರ್ ಆಗತ್ತೆ ಸರ್. ರಕ್ತ ಕೊಡೋರು ಹೆದರ್ತಾರೆ, ಲೆಕ್ಕವೂ ತಪ್ಪು,’ ಎಂದರು ಇವರು. ಆಮೇಲೆ ಪ್ರಶ್ನೆಗಳು ಬರಲಿಲ್ಲ.

ಬಿಲ್ ಆ ವಾರವೇ ಪಾಸಾಯಿತು. ಪರದೆಯ ಮೇಲೆ ಇವರು ನನಗೆ ಕೊನೆಗೆ ತೋರಿಸಿದ್ದು ತಮ್ಮ ಹೊಸ ದರಪಟ್ಟಿ. ಅದಕ್ಕೆ ಮೂರು ಷರತ್ತು ಸೇರಿಸಿದ್ದಾರೆ. ಪ್ರಶ್ನೆಗಳ ಪಟ್ಟಿಯನ್ನು ಪ್ರತಿ ಕೆಲಸದ ಜೊತೆಗೂ ಕೊಡುತ್ತಾರೆ. ಕೆಲಸದ ಕಡತ ಬೇಕಿದ್ದರೆ ಮೊದಲೇ ಹೇಳಬೇಕು, ಸಮಯವನ್ನು ಭಾರತದ ಲೆಕ್ಕಕ್ಕೆ ತಂದು ಕೊಡುತ್ತಾರೆ. ಎದುರಿಗೆ ಕೂತು ಮಾಡಿ ತೋರಿಸಬೇಕಾದರೆ ಅದಕ್ಕೆ ಗಂಟೆಯ ಲೆಕ್ಕದಲ್ಲಿ ಹಣ. ಪುರಾವೆ ಕೇಳುವ ಹಕ್ಕು ಗಿರಾಕಿಗೆ ಇದೆ ಎನ್ನುವುದಾದರೆ ಆ ಮಾತು ಕೆಲಸ ಕೊಡುವಾಗಲೇ ಕಾಗದದ ಮೇಲೆ ಬರಬೇಕು, ದುಡಿದವರ ಹಣ ತಡೆದಿಟ್ಟುಕೊಂಡು ಅಲ್ಲ. ಅದೇ ಏಜೆನ್ಸಿ ಮೊದಲ ಎರಡು ಷರತ್ತಿಗೆ ಒಪ್ಪಿ ಇನ್ನೊಂದು ಸಮ್ಮತಿ ಪತ್ರ ಕಳುಹಿಸಿದೆ. ಮೂರನೆಯದರ ಬಗ್ಗೆ ಮಾತುಕತೆ ನಡೆಯುತ್ತಿದೆ.