ಬಿಲ್ ಇಲ್ಲದೆ ಕಳೆಯುವ ಖರ್ಚು

ಈಚೆಗಷ್ಟೇ ಕೆಲಸಕ್ಕೆ ಸೇರಿರುವ ನನ್ನ ಅಣ್ಣನ ಮಗಳು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದ್ದಳು. ಫ್ಲೆಕ್ಸಿ ಕ್ಯಾಪ್ ಮ್ಯೂಚುವಲ್ ಫಂಡ್ ಒಂದರ ಫ್ಯಾಕ್ಟ್‌ಶೀಟ್. ಫೋಟೊದ ಹಿಂದೆಯೇ ಅವಳ ಪ್ರಶ್ನೆ ಬಂತು: 'ಚಿಕ್ಕಪ್ಪಾ, ಮೂರು ವರ್ಷದ ಲಾಭ 15 ಪರ್ಸೆಂಟ್ ಅಂತ ಇದೆ. ಕೆಳಗೆ ಎಕ್ಸ್‌ಪೆನ್ಸ್ ರೇಶಿಯೊ 1.80 ಅಂತ ಬರೆದಿದಾರೆ. ಅದನ್ನ ಇದರಲ್ಲಿ ಕಳೀಬೇಕಾ?'

ಕಳೆಯಬೇಕಾಗಿಲ್ಲ, ಅವರು ಆಗಲೇ ಕಳೆದಿರುತ್ತಾರೆ. ಫಂಡ್ ನಡೆಸಲು ತಗಲುವ ವರ್ಷದ ಖರ್ಚು ಫಂಡಿನ ಒಟ್ಟು ಹಣದ ಶೇಕಡಾ ಎಷ್ಟು ಎಂಬುದೇ ಎಕ್ಸ್‌ಪೆನ್ಸ್ ರೇಶಿಯೊ. ಇದನ್ನು ದಿನದ ಲೆಕ್ಕದಲ್ಲಿ ಕಳೆದ ಮೇಲೆಯೇ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಪ್ರಕಟವಾಗುತ್ತದೆ. ಒಂದು ಲಕ್ಷ ರೂಪಾಯಿಗೆ 1.80 ಎಂದರೆ ವರ್ಷಕ್ಕೆ 1,800, ದಿನಕ್ಕೆ ಸುಮಾರು ಐದು ರೂಪಾಯಿ. ಇದಕ್ಕೆ ಬಿಲ್ ಬರುವುದಿಲ್ಲ, ಬ್ಯಾಂಕ್ ಪಾಸ್‌ಬುಕ್‌ನಲ್ಲೂ ಕಾಣುವುದಿಲ್ಲ. ಮಾರುಕಟ್ಟೆ ಕುಸಿದು ನಮ್ಮ ಹಣ ಕರಗಿದ ವರ್ಷದಲ್ಲೂ ಇದು ನಿಲ್ಲುವುದಿಲ್ಲ.

ಅದೇ ಫೋಟೊದಲ್ಲಿ ರೆಗ್ಯುಲರ್ 1.80, ಡೈರೆಕ್ಟ್ 0.70 ಎಂದು ಎರಡು ಅಂಕಿಗಳಿದ್ದವು. ಫಂಡ್ ಒಂದೇ, ಅದು ಕೊಳ್ಳುವ ಷೇರುಗಳೂ ಒಂದೇ. ರೆಗ್ಯುಲರ್‌ನಲ್ಲಿ ಏಜೆಂಟರ ಅಥವಾ ಬ್ಯಾಂಕಿನ ಕಮಿಷನ್ ಸೇರಿರುತ್ತದೆ, 2013ರ ಜನವರಿಯಿಂದ ಬಂದ ಡೈರೆಕ್ಟ್‌ನಲ್ಲಿ ಅದು ಇರುವುದಿಲ್ಲ. ಖರ್ಚು ಕಳೆಯುವ ಮೊದಲು ಫಂಡ್ ವರ್ಷಕ್ಕೆ ಶೇ 12ರಂತೆ ಬೆಳೆಯಿತು ಎಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ಒಂದು ಲಕ್ಷ ರೆಗ್ಯುಲರ್‌ನಲ್ಲಿ ಸುಮಾರು 2.64 ಲಕ್ಷವಾದರೆ, ಡೈರೆಕ್ಟ್‌ನಲ್ಲಿ ಸುಮಾರು 2.92 ಲಕ್ಷ. ಮಾರುಕಟ್ಟೆ ಬಿದ್ದಾಗ ಫೋನ್ ಎತ್ತಿ ಧೈರ್ಯ ಹೇಳುವ, ಕಾಗದಪತ್ರ ನೋಡಿಕೊಳ್ಳುವ ಏಜೆಂಟರಿದ್ದರೆ ಆ 28 ಸಾವಿರಕ್ಕೆ ಅರ್ಥವಿದೆ. ಫಾರಂಗೆ ಸಹಿ ಹಾಕಿಸಿಕೊಂಡು ಹೋದವರು ಮತ್ತೆ ಮುಖ ತೋರಿಸದಿದ್ದರೆ ಅಷ್ಟು ಕೊಡುವುದು ದಂಡ ಎಂಬುದೇ ನನ್ನ ಅಭಿಪ್ರಾಯ.

ಎಕ್ಸಿಟ್ ಲೋಡ್ ಬೇರೆಯೇ ಬಗೆಯದು. ಬೇಗ ಹೊರಟವರಿಗೆ ಮಾತ್ರ ಬೀಳುವ ಕಡಿತ ಅದು. ಈ ಹಾಳೆಯಲ್ಲಿ 'ಯೂನಿಟ್ ಸಿಕ್ಕ ದಿನದಿಂದ 365 ದಿನದೊಳಗೆ ಮಾರಿದರೆ ಶೇ 1' ಎಂದಿತ್ತು. ಎಸ್‌ಐಪಿ ಕಟ್ಟುವವರು ಎಡವುವುದು ಇಲ್ಲೇ. ಎಸ್‌ಐಪಿ ಶುರುವಾಗಿ ವರ್ಷ ದಾಟಿತು, ಇನ್ನೇನೂ ಕಡಿತವಿಲ್ಲ ಎಂದುಕೊಳ್ಳುತ್ತಾರೆ. ಆದರೆ ಪ್ರತಿ ಕಂತಿಗೂ ಅದರದೇ 365 ದಿನ. 2023ರ ಜೂನ್‌ನಿಂದ ಪ್ರತಿ ತಿಂಗಳ 5ರಂದು ಹಣ ಕಟ್ಟಿ, 2024ರ ಡಿಸೆಂಬರ್ 1ರಂದು ಎಲ್ಲವನ್ನೂ ತೆಗೆದವರ ಲೆಕ್ಕ ನೋಡಿ. ಕಟ್ಟಿದ್ದು ಹದಿನೆಂಟು ಕಂತು. ಮೊದಲ ಆರಕ್ಕೆ ಮಾತ್ರ ವರ್ಷ ತುಂಬಿದೆ, ಉಳಿದ ಹನ್ನೆರಡಕ್ಕೆ ಲೋಡ್ ಬೀಳುತ್ತದೆ. ಆ ಹನ್ನೆರಡು ಕಂತಿನ ಯೂನಿಟ್‌ಗಳ ಅಂದಿನ ಬೆಲೆ 63,000 ಆಗಿದ್ದರೆ 630 ರೂಪಾಯಿ ಕಡಿತ. ಕಡಿತ ಮಾರುವ ಬೆಲೆಯ ಮೇಲೆ, ಲಾಭದ ಮೇಲಲ್ಲ. ಹಾಗಾಗಿ ನಷ್ಟದಲ್ಲಿ ಮಾರಿದರೂ ತಪ್ಪುವುದಿಲ್ಲ.

ಒಂದು ಅನುಕೂಲವೂ ಇದೆ. ಮಾರುವಾಗ ಹಳೆಯ ಯೂನಿಟ್‌ಗಳೇ ಮೊದಲು ಹೋಗುತ್ತವೆ. ಅವರಿಗೆ ಬೇಕಿದ್ದದ್ದು ಮೂವತ್ತು ಸಾವಿರವಷ್ಟೇ ಆಗಿದ್ದು, ಮೊದಲ ಆರು ಕಂತಿನ ಯೂನಿಟ್‌ಗಳಿಗೆ ಅಷ್ಟು ಬೆಲೆ ಇದ್ದಿದ್ದರೆ ಒಂದು ಪೈಸೆಯೂ ಕಡಿತವಾಗುತ್ತಿರಲಿಲ್ಲ.

ಇನ್ನು ಅರ್ಧಚಕ್ರದ ಚಿತ್ರ, ರಿಸ್ಕೋಮೀಟರ್. ಸೆಬಿ ನಿಯಮದಂತೆ 2021ರ ಜನವರಿಯಿಂದ ಇದರಲ್ಲಿ ಆರು ಮಟ್ಟಗಳಿವೆ: 'ಲೋ'ದಿಂದ 'ವೆರಿ ಹೈ'ವರೆಗೆ. ಮುಳ್ಳು 'ವೆರಿ ಹೈ' ಕಡೆ ಇರುವುದನ್ನು ಕಂಡು ಅಣ್ಣನ ಮಗಳು ಹೆದರಿದ್ದಳು. ಆದರೆ ಷೇರಿನಲ್ಲಿ ಹಣ ಹೂಡುವ ಫಂಡ್‌ಗಳ ಮುಳ್ಳು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ದೊಡ್ಡ ಕಂಪನಿಗಳ ಫಂಡಿಗೂ, ಅದಕ್ಕಿಂತ ಹೆಚ್ಚು ಏರಿಳಿಯುವ ಸ್ಮಾಲ್ ಕ್ಯಾಪ್ ಫಂಡಿಗೂ ಒಂದೇ ಗುರುತು. ಎರಡು ಷೇರು ಫಂಡ್‌ಗಳಲ್ಲಿ ಒಂದನ್ನು ಆರಿಸಲು ಈ ಚಿತ್ರ ಹೆಚ್ಚೇನೂ ನೆರವಾಗದು. ಮುಂದಿನ ವರ್ಷ ಕಾಲೇಜು ಫೀಸಿಗೆ ಬೇಕಾದ ಹಣವನ್ನು ಇಲ್ಲಿ ಇಡಬೇಡಿ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತದೆ.

ಸಾಲಪತ್ರಗಳಲ್ಲಿ ಹೂಡುವ ಡೆಟ್ ಫಂಡ್‌ಗಳಲ್ಲಿ ಇದೇ ಮುಳ್ಳಿಗೆ ಹೆಚ್ಚು ಬೆಲೆ. ಪ್ರತಿ ತಿಂಗಳೂ ಫಂಡಿನ ಹೂಡಿಕೆಗಳನ್ನು ನೋಡಿ ಅದನ್ನು ಹೊಸದಾಗಿ ಲೆಕ್ಕ ಹಾಕುತ್ತಾರೆ. 'ಮಾಡರೇಟ್'ನಲ್ಲಿದ್ದದ್ದು 'ಹೈ'ಗೆ ಸರಿದರೆ, ಫಂಡ್ ಯಾರಿಗೆ ಸಾಲ ಕೊಟ್ಟಿದೆ, ಎಷ್ಟು ವರ್ಷಕ್ಕೆ ಕೊಟ್ಟಿದೆ ಎಂದು ವಿಚಾರಿಸಬೇಕು.

ಅವಳ ಫೋಟೊದಲ್ಲಿ ಕೆಳಗಿನ ಅಂಚು ಕತ್ತರಿಸಿಹೋಗಿತ್ತು. ಆ 15 ಪರ್ಸೆಂಟ್ ಪಕ್ಕದಲ್ಲಿ ಒಂದು ನಕ್ಷತ್ರದ ಗುರುತಿತ್ತು, ಅದರ ವಿವರಣೆ ಮಾತ್ರ ಇರಲಿಲ್ಲ. ಅದು ರೆಗ್ಯುಲರ್‌ನ ಲಾಭವೋ ಡೈರೆಕ್ಟ್‌ನದೋ ಎಂಬುದು ಇರುವುದು ಅಂಥ ಸಣ್ಣ ಅಕ್ಷರದಲ್ಲೇ. ಮೂಲೆಯಲ್ಲಿದ್ದ ತಾರೀಖು ಏಳು ತಿಂಗಳ ಹಿಂದಿನದು. ಅಷ್ಟರಲ್ಲಿ ಖರ್ಚಿನ ಅಂಕಿಯೂ ಮುಳ್ಳೂ ಬದಲಾಗಿರಬಹುದು. ಫಂಡ್ ಕಂಪನಿಯ ವೆಬ್‌ಸೈಟಿನಿಂದ ಈ ತಿಂಗಳ ಪೂರ್ತಿ ಹಾಳೆ ಇಳಿಸಿಕೊಂಡು, ಮೊದಲು ಆ ನಕ್ಷತ್ರದ ಅಡಿಟಿಪ್ಪಣಿ ಓದು ಎಂದು ಅವಳಿಗೆ ಬರೆದೆ.