ಮಡಿಸಿದ ಮಂಡಿ, ಎಸೆದ ಕಾಲು

ನಮ್ಮ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಇಲ್ಲಿನ ಗುಡಿಗಳಲ್ಲಿ, ಅರಮನೆಗಳಲ್ಲಿ ಕುಣಿಯುವ ಹೆಂಗಸರನ್ನು ಕಂಡು ‘ಬೈಲಾದೈರಾ’ ಎಂದರು. ಕುಣಿಯುವವಳು, ಅಷ್ಟೇ ಅರ್ಥ. 1503ರಲ್ಲಿ ಕೊಚ್ಚಿಯಲ್ಲಿ ಕೋಟೆ ಕಟ್ಟಿ ನೆಲೆಯೂರಿದ ಜನ ಅವರು. ನಮಗೆ ಮೇಜು, ಚಾವಿ ಎಂಬ ಮಾತುಗಳನ್ನು ಕೊಟ್ಟವರೂ ಅವರೇ. ಆದರೆ ಬೈಲಾದೈರಾ ಎಂಬ ಮಾತು ಮಾತ್ರ ಹಡಗು ಹತ್ತಿ ಯುರೋಪಿಗೆ ಹೋಯಿತು, ಫ್ರೆಂಚರ ನಾಲಿಗೆಯಲ್ಲಿ ‘ಬಯಾದೇರ್’ ಆಯಿತು, 1830ರಲ್ಲಿ ಪ್ಯಾರಿಸ್ಸಿನ ಆಪೆರಾ ರಂಗಮಂದಿರವನ್ನೇ ಹತ್ತಿತು! ಎಂಟು ವರ್ಷ ಕಳೆದು ಪಾಂಡಿಚೇರಿಯ ಹತ್ತಿರದ ತಿರುವೇಂದಿಪುರದಿಂದ ನಿಜವಾದ ದೇವದಾಸಿಯರೇ ಪ್ಯಾರಿಸ್ಸಿಗೆ ಹೋಗಿ ಕುಣಿದರು. ಆಗ ಇತ್ತ ತಿರುವನಂತಪುರದಲ್ಲಿ ಸ್ವಾತಿ ತಿರುನಾಳ್ ಆಳುತ್ತಿದ್ದ. ಅವನ ಆಸ್ಥಾನದಲ್ಲಿ ತಂಜಾವೂರಿನ ವಡಿವೇಲು ಇದ್ದ, ಮೋಹಿನಿಯಾಟ್ಟಕ್ಕೆ ಅಲ್ಲಿ ಆಸರೆ ಸಿಕ್ಕಿತ್ತು. 1877ರಲ್ಲಿ ಮಾರಿಯುಸ್ ಪೆತಿಪಾ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ‘ಲಾ ಬಯಾದೇರ್’ ಬ್ಯಾಲೆಯನ್ನು ರಂಗಕ್ಕೆ ತಂದ. ನಮ್ಮ ಕರಾವಳಿಯ ಕುಣಿಯುವವಳು ಹಿಮದ ನಾಡಿನ ನಾಯಕಿಯಾದಳು.

ಆ ಬ್ಯಾಲೆಯ ಒಂದೇ ಒಂದು ದೃಶ್ಯವನ್ನು ಹಿಡಿದು ಕೂತರೆ ಸಾಕು, ಬ್ಯಾಲೆಯ ಅರ್ಧ ಭಾಷೆ ಬಾಯಿ ಬಿಡುತ್ತದೆ. ನಾಯಕಿ ಸತ್ತಿದ್ದಾಳೆ. ನಾಯಕನ ಕನಸಿನಲ್ಲಿ ಬಿಳಿಯುಡುಗೆಯ ನೆರಳುಗಳು ಒಂದು ಇಳಿಜಾರಿನ ಮೇಲಿಂದ ಒಬ್ಬರ ಹಿಂದೊಬ್ಬರು ಇಳಿದು ಬರುತ್ತಾರೆ, ಕೆಲವು ತಂಡಗಳಲ್ಲಿ 24 ಮಂದಿ, ಕೆಲವುಗಳಲ್ಲಿ 32. ಪ್ರತಿಯೊಬ್ಬಳೂ ಮಾಡುವುದು ಒಂದೇ: ಒಂದು ಹೆಜ್ಜೆ ಮುಂದಿಟ್ಟು ಆ ಕಾಲಿನ ಮಂಡಿ ಮಡಿಸಿ, ಇನ್ನೊಂದು ಕಾಲನ್ನು ಹಿಂದಕ್ಕೆ ನೀಳವಾಗಿ ಎತ್ತುವುದು, ಆಮೇಲೆ ಬೆನ್ನನ್ನು ಹಿಂದಕ್ಕೆ ಬಾಗಿಸುವುದು, ಮತ್ತೆ ನಡೆದು ಅದನ್ನೇ ಮಾಡುವುದು. ಕೊನೆಯವಳು ಇಳಿಯುವ ತನಕ ಮೊದಲನೆಯವಳಿಗೆ ಬಿಡುವಿಲ್ಲ!

ಇಲ್ಲಿ ಮಂಡಿ ಮಾಡುವುದಕ್ಕೆ ‘ಪ್ಲಿಯೆ’ ಎಂದು ಹೆಸರು. ಮಡಿಸಿದ್ದು, ಬಗ್ಗಿಸಿದ್ದು ಎಂದರ್ಥ. ತಿರುವನಂತಪುರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್ ಕಲಿಯುವ ಯಾರನ್ನಾದರೂ ಕೇಳಿ: ಕಾಗದ, ಬಟ್ಟೆ ಮಡಿಸುವುದಕ್ಕೂ ಇದೇ ಕ್ರಿಯಾಪದ. ಹಿಂದಕ್ಕೋ ಮುಂದಕ್ಕೋ ನೆಗೆತದಲ್ಲಿ ಹಾರುವ ಕಾಲಿಗೆ ‘ಜೆತೆ’, ಎಸೆದದ್ದು. ಪಾದ ನೆಲಕ್ಕೆ ಬಡಿದು ಹೊರಚಿಮ್ಮಿದರೆ ‘ಫ್ರಾಪೆ’, ಬಡಿದದ್ದು. ಈ ಹೆಸರುಗಳ ವ್ಯಾಕರಣವನ್ನು ನೋಡಿದಾಗ ನನಗೆ ಮೈ ಜುಂ ಎಂದಿತು. ‘ಮಡಿಸು’ ಎಂಬ ಆಜ್ಞೆ ಇಲ್ಲಿಲ್ಲ, ‘ಮಡಿಸುವಿಕೆ’ಯೂ ಇಲ್ಲ. ಎಲ್ಲವೂ ಆಗಿ ಮುಗಿದ ಕೆಲಸದ ರೂಪ: ಮಡಿಸಿದ, ಎಸೆದ, ಬಡಿದ. ಚಲನೆ ಶುರುವಾಗುವ ಮೊದಲೇ ಅದು ಎಲ್ಲಿಗೆ ಮುಟ್ಟಬೇಕು ಎಂಬುದನ್ನು ಹೆಸರು ಹೇಳಿಬಿಟ್ಟಿರುತ್ತದೆ!

ಮಡಿಸಿದ್ದನ್ನು ಬಿಚ್ಚಬಹುದು. ಪ್ಲಿಯೆಯ ಗುಟ್ಟೆಲ್ಲ ಅದರಲ್ಲೇ ಇದೆ. ಮೋಹಿನಿಯಾಟ್ಟದ ಅರೆಮಂಡಲವನ್ನು ನೋಡಿ ಬೆಳೆದ ಕಣ್ಣಿಗೆ ಪ್ಲಿಯೆ ಅದೇ ಎನಿಸುತ್ತದೆ, ನಮ್ಮ ಭರತನಾಟ್ಯದ ಅರೆಮಂಡಿಯೂ ನೆನಪಾಗುತ್ತದೆ; ಮೂರರಲ್ಲೂ ಮಂಡಿಗಳು ಪಕ್ಕಕ್ಕೆ ತೆರೆದುಕೊಳ್ಳುತ್ತವೆ. ಆದರೆ ಅರೆಮಂಡಲ ನರ್ತಕಿಯ ಮನೆ, ಅವಳು ಅಲ್ಲೇ ಇದ್ದುಕೊಂಡು ಕುಣಿಯುತ್ತಾಳೆ. ಪ್ಲಿಯೆ ದಾರಿ. ಪ್ರತಿ ನೆಗೆತವೂ ಅದರಿಂದ ಹೊರಟು ಅದಕ್ಕೇ ಮರಳಬೇಕು. ಅರ್ಧ ಪ್ಲಿಯೆಯಲ್ಲಿ ಹಿಮ್ಮಡಿ ನೆಲ ಬಿಡಬಾರದು, ಮಂಡಿ ಕಾಲ್ಬೆರಳುಗಳ ದಿಕ್ಕಿನಲ್ಲೇ ಸಾಗಬೇಕು. ಮಂಡಿ ಒಳಗೆ ಕುಸಿದರೆ ಪಾದದ ಕಮಾನೂ ಒಳಕ್ಕೆ ಉರುಳುತ್ತದೆ. ಕುಸಿದ ಪಾದದ ಒಳ ಅಂಚನ್ನು ನೋಡಿದರೆ ಗೊತ್ತಾಗಿಬಿಡುತ್ತದೆ. ನೆಗೆದು ಇಳಿಯುವಾಗಿನ ತಪ್ಪನ್ನು ಕಣ್ಣು ಮುಚ್ಚಿಯೂ ಹಿಡಿಯಬಹುದು: ಮಂಡಿ ಮಡಿಸದೆ ಇಳಿದವಳ ಪಾದ ಧಡ್ ಎನ್ನುತ್ತದೆ.

ಇನ್ನೂ ಒಂದು ಸೊಗಸು. ಅದೇ ಪ್ಲಿಯೆಯನ್ನು ಒಂಟಿ ಕಾಲಿನ ಮೇಲೆ ಮಾಡಿದರೆ ಹೆಸರೇ ಬದಲಾಗುತ್ತದೆ, ‘ಫಾಂದ್ಯು’, ಕರಗಿದ್ದು! ಎರಡು ಕಾಲಿನ ಮೇಲೆ ಮಡಿಸುತ್ತೀರಿ, ಒಂದರ ಮೇಲೆ ಕರಗುತ್ತೀರಿ. ಒಂಟಿ ಕಾಲಿನಲ್ಲಿ ಇಡೀ ಮೈಯ ಭಾರ ಹೊತ್ತು ತಡೆಯಿಲ್ಲದೆ ಇಳಿದು, ತಡೆಯಿಲ್ಲದೆ ಏಳಬೇಕು. ನಡುವೆ ಎಲ್ಲಾದರೂ ತಡೆದು ನಿಂತರೆ ಅದು ಕರಗಿದ್ದಲ್ಲ. ಬಯಾದೇರ್‌ನ ಇಳಿಜಾರಿನಲ್ಲಿ ಆ ನೆರಳುಗಳು ಮಾಡುವುದು ಇದನ್ನೇ, ಅದೂ ಕೆಳಗೆ ಜಾರುವ ನೆಲದ ಮೇಲೆ.

ಇನ್ನು ಹಿಂದೆ ಚಾಚಿದ ಆ ಕಾಲು. ‘ಅರಬೆಸ್ಕ್’ ಎಂದರೆ ಅರಬ್ಬರ ರೀತಿಯದು: ಗೋಡೆಗಳಲ್ಲಿ, ಪುಸ್ತಕದ ಅಂಚುಗಳಲ್ಲಿ ಬಳ್ಳಿಯಂತೆ ಕೊನೆಯಿಲ್ಲದೆ ಹರಿಯುವ ರೇಖೆಯ ಅಲಂಕಾರ. ಚಿತ್ರಕಾರರ ಈ ಮಾತನ್ನು ಕಾರ್ಲೊ ಬ್ಲಾಸಿಸ್ 1820ರ ತನ್ನ ನೃತ್ಯಗ್ರಂಥದಲ್ಲಿ ಬಳಸಿದ್ದಾನೆ. ಇದು ಕಾಲಿಗೆ ಹೇಳಿದ ಮಾತೇ ಅಲ್ಲ ಎಂಬುದನ್ನು ಗಮನಿಸಿ! ಪ್ಲಿಯೆ, ಜೆತೆ, ಫ್ರಾಪೆ ಮೈಗೆ ಏನಾಯಿತೆಂದು ಹೇಳಿದರೆ, ಅರಬೆಸ್ಕ್ ನೋಡುವವರ ಕಣ್ಣಿಗೆ ಏನು ಕಾಣಬೇಕೆಂದು ಹೇಳುತ್ತದೆ. ಮುಂದೆ ಚಾಚಿದ ಬೆರಳ ತುದಿಯಿಂದ ಹಿಂದಿನ ಕಾಲ್ಬೆರಳ ತುದಿವರೆಗೆ ಕಡಿಯದ ಒಂದು ಗೆರೆ.

ಆ ಗೆರೆಗೆ ನಮ್ಮ ಎಲುಬುಗಳು ಸುಲಭವಾಗಿ ಒಪ್ಪುವುದಿಲ್ಲ. ಸೊಂಟದ ಕೀಲು ಕಾಲನ್ನು ನೇರ ಹಿಂದಕ್ಕೆ ಬಿಡುವುದು ಬಹಳ ಕಡಿಮೆ, ಸ್ವಲ್ಪ ಎತ್ತುವುದರೊಳಗೆ ಅದು ತಡೆಯುತ್ತದೆ. ಕಾಲು ಸೊಂಟದ ಎತ್ತರಕ್ಕೆ ಏರಬೇಕಾದರೆ ಇಡೀ ಸೊಂಟ ಮುಂದಕ್ಕೆ ವಾಲಬೇಕು, ಆ ವಾಲುವಿಕೆಯನ್ನು ಮುಚ್ಚುವಂತೆ ಬೆನ್ನಿನ ಮೇಲ್ಭಾಗ ಮತ್ತೆ ಎದ್ದು ನಿಲ್ಲಬೇಕು. ಬೆನ್ನು ಏಳದಿದ್ದರೆ ಮೈ ಮುಗ್ಗರಿಸಿದಂತೆ ಕಾಣುತ್ತದೆ. ಸೊಂಟದ ಒಂದು ಬದಿ ಮೇಲಕ್ಕೆ ತೆರೆದುಕೊಂಡರೆ ಕಾಲು ಎತ್ತರಕ್ಕೇನೋ ಹೋಗುತ್ತದೆ, ಗೆರೆ ನಡುವಿನಲ್ಲೇ ಮುರಿಯುತ್ತದೆ. ಎತ್ತರವನ್ನು ಬಿಟ್ಟುಕೊಟ್ಟು ಗೆರೆಯನ್ನು ಉಳಿಸಿಕೊಂಡ ಅರಬೆಸ್ಕ್ ನನಗೆ ಹೆಚ್ಚು. ಹೆಸರು ಕೇಳಿದ್ದೂ ಗೆರೆಯನ್ನೇ ಅಲ್ಲವೆ?

ಮಡಿಕೆ, ಎಸೆತ, ಗೆರೆ ಮೂರೂ ಒಂದೇ ಉಸಿರಿನಲ್ಲಿ ಕೂಡಿಬರುವ ಚಲನೆ ‘ಗ್ರಾಂ ಜೆತೆ’, ದೊಡ್ಡ ಎಸೆತ. ನರ್ತಕಿ ಓಡಿಬಂದು ಹಿಂಗಾಲಿನ ಮಂಡಿ ಮಡಿಸುತ್ತಾಳೆ. ಮುಂಗಾಲನ್ನು ನೆಲ ಸವರಿ ಮುಂದಕ್ಕೆ ಎಸೆಯುತ್ತಾಳೆ. ಇಲ್ಲಿ ಎಸೆಯುವುದು ಕಾಲನ್ನು, ಮೈಯನ್ನಲ್ಲ. ಆ ಎಸೆತದ ಬೆನ್ನಿಗೆ ಮಡಿಸಿದ ಮಂಡಿ ಬಿಚ್ಚಿಕೊಂಡು ಮೈಯನ್ನು ಗಾಳಿಗೆ ತಳ್ಳುತ್ತದೆ. ನೆಗೆತದ ತುದಿಯಲ್ಲಿ ಎರಡೂ ಕಾಲು ಹರಡಿ ನೆಲಕ್ಕೆ ಸಮವಾಗುತ್ತವೆ. ಆಗ ಅವಳು ಗಾಳಿಯಲ್ಲಿ ತೇಲುತ್ತಾಳೆ! ತೇಲುವುದೇನೂ ಇಲ್ಲ, ಆದರೆ ಕಣ್ಣು ಸುಮ್ಮನೆ ಮೋಸಹೋಗುವುದೂ ಇಲ್ಲ. ಮೈಯ ಗುರುತ್ವ ಕೇಂದ್ರ ಎಸೆದ ಕಲ್ಲಿನ ಬಾಗಿದ ಹಾದಿಯಲ್ಲೇ ಏರಿಳಿಯುತ್ತದೆ. ಕಾಲುಗಳು ಮೇಲೇರಿದಾಗ ಆ ಕೇಂದ್ರ ಮೈಯೊಳಗೇ ಸ್ವಲ್ಪ ಮೇಲಕ್ಕೆ ಸರಿಯುತ್ತದೆ; ಅದರಿಂದಾಗಿ ತಲೆ, ಎದೆ ಆ ಕ್ಷಣ ಏರುವ ಬದಲು ಹೆಚ್ಚುಕಡಿಮೆ ಸಮರೇಖೆಯಲ್ಲಿ ಸಾಗುತ್ತವೆ. ನಾವು ನೋಡುವುದು ತಲೆಯನ್ನು, ಹಾಗಾಗಿ ತೇಲಿದಳು ಎನ್ನುತ್ತೇವೆ.

ಇದು ಕೆಡುವುದು ಎಸೆತ ತಡವಾದಾಗ. ಮೊದಲು ನೆಗೆದು ಆಮೇಲೆ ಕಾಲು ಹರಡಿದರೆ, ಕಾಲು ಪೂರ್ತಿ ತೆರೆಯುವ ಹೊತ್ತಿಗೆ ಮೈ ಇಳಿಯತೊಡಗಿರುತ್ತದೆ. ವೀಡಿಯೊ ನಿಧಾನ ಮಾಡಿ ನೋಡಿ: ಕಾಲು ಅತಿ ಅಗಲವಾಗಿರುವ ಗಳಿಗೆಯಲ್ಲೇ ತಲೆಯೂ ಅತಿ ಎತ್ತರದಲ್ಲಿದ್ದರೆ ಎಸೆತ ಸರಿಯಾಯಿತೆಂದು ತಿಳಿಯಿರಿ. ಆಮೇಲೆ ಮುಂಗಾಲು ನೆಲ ಮುಟ್ಟುತ್ತದೆ, ಮಂಡಿ ಕರಗುತ್ತದೆ, ಹಿಂಗಾಲು ಚಾಚಿಯೇ ಉಳಿದು ಅರಬೆಸ್ಕ್ ಆಗುತ್ತದೆ. ಅಲ್ಲಿಂದ ಮುಂದಿನ ನೆಗೆತಕ್ಕೆ ಬೇಕಾದ ಮಡಿಕೆ ಆಗಲೇ ಅವಳ ಕಾಲಿನಲ್ಲಿ ಸಿದ್ಧವಾಗಿರುತ್ತದೆ.