ಅಜ್ಜಿಯ ಸುಳ್ಳು ಎಲ್ಲರಿಗೂ ತಿಳಿಯಬೇಕು

ಒಂದು ಕಿರುಚಿತ್ರದ ಹದಿನಾಲ್ಕು ಸೆಕೆಂಡನ್ನು ಊಹಿಸಿಕೊಳ್ಳಿ. ಅಡುಗೆಮನೆಯಲ್ಲಿ ಅಜ್ಜಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಾಳೆ. ಪಕ್ಕದಲ್ಲಿಟ್ಟ ಫೋನ್ ರಿಂಗಾಗುತ್ತದೆ. ಅದರ ಮೇಲೆ ‘ಮಗ’ ಎಂಬ ಹೆಸರು ಕಾಣುತ್ತದೆ. ಅಜ್ಜಿ ಒಂದು ಗಳಿಗೆ ನೋಡಿ, ಫೋನನ್ನು ಅಕ್ಕಿ ಡಬ್ಬದೊಳಗಿಟ್ಟು ಮುಚ್ಚಳ ಹಾಕುತ್ತಾಳೆ. ಒಳಗಿನ ಕೋಣೆಯಿಂದ ಸೊಸೆ ಕೇಳುತ್ತಾಳೆ: “ಅತ್ತೆ, ಯಾರದು ಫೋನು?” ಅಜ್ಜಿ ಹೇಳುತ್ತಾಳೆ: “ಯಾರೋ ರಾಂಗ್ ನಂಬರ್ ಕಣಮ್ಮ.” ಡಬ್ಬದೊಳಗೆ ಫೋನ್ ಬಡಿದುಕೊಳ್ಳುತ್ತಲೇ ಇರುತ್ತದೆ.

ಇಡೀ ಕಥೆಗೆ ಕೀಲಿ ಈ ದೃಶ್ಯ. ಕಣ್ಣು ಕಾಣದವರಿಗೆ ರಿಂಗ್ ಕೇಳಿಸುತ್ತದೆ, ಮಾತೂ ಕೇಳಿಸುತ್ತದೆ. ಆದರೆ ಕರೆ ಮಾಡಿದ್ದು ಮಗ ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ರಾಂಗ್ ನಂಬರ್ ಎಂಬ ಮಾತನ್ನು ಅವರು ನಂಬಿಬಿಡುತ್ತಾರೆ. ಕಿವಿ ಕೇಳಿಸದವರಿಗೆ ಮಗನ ಹೆಸರು ಕಾಣುತ್ತದೆ. ಆದರೆ ತೆರೆಯ ಮೇಲಿಲ್ಲದ ಸೊಸೆ ಮಾತಾಡಿದ್ದಾಗಲಿ, ಮಗ ಇನ್ನೂ ಕರೆಯುತ್ತಲೇ ಇರುವುದಾಗಲಿ ಅವರಿಗೆ ತಿಳಿಯುವುದಿಲ್ಲ. ಚಿತ್ರ ಮುಗಿದಾಗಿದೆ, ಒಂದು ಫ್ರೇಮನ್ನೂ ಬದಲಿಸುವಂತಿಲ್ಲ. ಈ ಎರಡು ಕೊರತೆಗಳನ್ನು ತುಂಬುವುದು ಹೇಗೆ?

ಮೊದಲು ಕ್ಯಾಪ್ಶನ್. ಬೇರೆ ಭಾಷೆಯವರಿಗಾಗಿ ಹಾಕುವ ಸಬ್‌ಟೈಟಲ್ ಮಾತನ್ನಷ್ಟೇ ಬರೆಯುತ್ತದೆ, ನೋಡುಗರಿಗೆ ಕಿವಿ ಕೇಳಿಸುತ್ತದೆ ಎಂದು ನಂಬಿಕೊಂಡಿರುತ್ತದೆ. ಕ್ಯಾಪ್ಶನ್ ಹಾಗೆ ನಂಬುವುದಿಲ್ಲ. ಯಾರು ಮಾತಾಡಿದರು, ಯಾವ ಸದ್ದಾಯಿತು ಎಂಬುದನ್ನೂ ಅದು ಹೇಳುತ್ತದೆ. ನಮ್ಮ ದೃಶ್ಯಕ್ಕೆ ಅದನ್ನು ಹೀಗೆ ಬರೆಯಬಹುದು:

```
41
00:03:10,200 --> 00:03:12,000
[ಫೋನ್ ರಿಂಗಾಗುತ್ತಿದೆ]

42
00:03:17,300 --> 00:03:19,000
ಸೊಸೆ: ಅತ್ತೆ, ಯಾರದು ಫೋನು?

43
00:03:19,200 --> 00:03:21,000
ಯಾರೋ ರಾಂಗ್ ನಂಬರ್ ಕಣಮ್ಮ.

44
00:03:21,400 --> 00:03:24,000
[ಡಬ್ಬದೊಳಗೆ ಫೋನ್ ರಿಂಗಾಗುತ್ತಲೇ ಇದೆ]
```

ಇದು ಬರಿಯ ಪಠ್ಯದ ಕಡತ. ಪ್ರತಿ ತುಣುಕಿಗೆ ಒಂದು ಸಂಖ್ಯೆ, ಮೂಡುವ ಮತ್ತು ಮರೆಯಾಗುವ ಹೊತ್ತು, ಆಮೇಲೆ ಬರಹ. ಅಲ್ಪವಿರಾಮದ ನಂತರ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕ. ಕಡತದ ಹೆಸರು `.srt` ಎಂದು ಕೊನೆಯಾದರೆ ಯೂಟ್ಯೂಬ್ ಅದನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಸೊಸೆ ತೆರೆಯ ಮೇಲಿಲ್ಲ, ಅದಕ್ಕೇ ಅವಳ ಮಾತಿಗೆ ಹೆಸರು ಬೇಕು. ಅಜ್ಜಿಯ ತುಟಿ ಆಡುವುದು ಕಾಣುತ್ತಿರುವುದರಿಂದ ಅವಳಿಗೆ ಬೇಡ. ಎಲ್ಲ ಸದ್ದನ್ನೂ ಬರೆಯಬೇಕಾಗಿಲ್ಲ. ಮೊರದ ಸರಪರ ಸದ್ದು ಕಥೆಯನ್ನು ಮುಂದಕ್ಕೆ ಒಯ್ಯುವುದಿಲ್ಲ, ಬಿಡಬಹುದು. ಡಬ್ಬದೊಳಗಿನ ರಿಂಗನ್ನು ಬಿಟ್ಟರೆ ದೃಶ್ಯವೇ ಸಾಯುತ್ತದೆ.

ಎಡವುವುದು ಸಾಮಾನ್ಯವಾಗಿ ಓದುವ ವೇಗದಲ್ಲಿ. ಕಣ್ಣಿಗೆ ಬರಹ ಸಿಕ್ಕುವಷ್ಟು ಹೊತ್ತು ಅದು ನಿಲ್ಲಬೇಕು, ಒಂದು ಸೆಕೆಂಡಿಗಿಂತ ಕಡಿಮೆ ಎಂದೂ ಬೇಡ. ಒಮ್ಮೆಗೆ ಎರಡು ಸಾಲು ದಾಟಬಾರದು. ಕನ್ನಡದಲ್ಲಿ ‘ಹೋಗಬೇಕಾಗಿತ್ತಂತೆ’ ಎಂಬುದು ಒಂದೇ ಪದ, ಹಾಗಾಗಿ ಪದಗಳನ್ನು ಎಣಿಸಿ ವೇಗ ಅಳೆದರೆ ಮೋಸಹೋಗುತ್ತೇವೆ. ಬರೆದದ್ದನ್ನು ಹೊಸಬರೊಬ್ಬರಿಗೆ ತೋರಿಸಿ, ಅವರು ಓದಿ ಮುಗಿಸಿ ಮುಖ ನೋಡಲು ಸಮಯ ಉಳಿಯಿತೇ ಎಂದು ಕೇಳುವುದೇ ಸರಿಯಾದ ಅಳತೆ. ಮಾತು ತೀರ ಧಾರಾಳವಾಗಿದ್ದರೆ ಅರ್ಥ ಕೆಡದಂತೆ ಸ್ವಲ್ಪ ಕತ್ತರಿಸಬೇಕಾಗುತ್ತದೆ.

ನಮ್ಮ ಲಿಪಿಗೇ ಅಂಟಿದ ತೊಂದರೆಯೂ ಒಂದಿದೆ. ಕಡತವನ್ನು `UTF-8` ಆಗಿ ಉಳಿಸದಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು ಬರುತ್ತವೆ. ಬರಹವನ್ನು ಚಿತ್ರದ ಮೇಲೇ ಅಚ್ಚು ಹಾಕುವಾಗ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬಾರದಿದ್ದರೆ ಒತ್ತಕ್ಷರ ಕಳಚಿಕೊಂಡು ‘ಅಕ್ಕಿ’ ಎಂಬುದು ‘ಅಕ್‌ಕಿ’ ಆಗಿ ಕೂರುತ್ತದೆ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಒತ್ತಕ್ಷರ ಹೆಚ್ಚಿರುವ ಒಂದು ವಾಕ್ಯವನ್ನು ಮೊದಲೇ ಹಾಕಿ ನೋಡಿದರೆ ಇವೆಲ್ಲ ಅರ್ಧ ನಿಮಿಷದಲ್ಲಿ ಬಯಲಾಗುತ್ತವೆ.

ಇನ್ನು ದೃಶ್ಯ ವಿವರಣೆ. ಇದು ಮಾತುಗಳ ನಡುವಿನ ಬಿಡುವಿನಲ್ಲಿ ಇನ್ನೊಂದು ದನಿ ಹೇಳುವ ಕಥೆ. ಆದ್ದರಿಂದ ಮೊದಲ ಕೆಲಸ ಬರೆಯುವುದಲ್ಲ, ಬಿಡುವು ಹುಡುಕುವುದು. ನಮ್ಮ ದೃಶ್ಯದಲ್ಲಿ ರಿಂಗ್ ಶುರುವಾಗಿ ಎರಡು ಸೆಕೆಂಡಾದ ಮೇಲೆ, ಸೊಸೆ ಬಾಯಿ ತೆರೆಯುವ ಮೊದಲು, ಐದು ಸೆಕೆಂಡು ಸಿಗುತ್ತದೆ. ನಿಧಾನವಾಗಿ, ಸ್ಪಷ್ಟವಾಗಿ ಓದಿದರೆ ಸೆಕೆಂಡಿಗೆ ಎರಡು ಕನ್ನಡ ಪದಗಳು. ಅಂದರೆ ಒಟ್ಟು ಒಂಬತ್ತೋ ಹತ್ತೋ ಪದ.

ಮೊದಲ ಸಲ ಕೂತವರು ಬಹುಶಃ ಹೀಗೆ ಬರೆಯುತ್ತಾರೆ: “ಆತಂಕಗೊಂಡ ವಯಸ್ಸಾದ ಅಜ್ಜಿ, ಕರೆ ಮಾಡಿದ್ದು ಮಗ ಎಂದು ತಿಳಿದು, ಸೊಸೆಗೆ ಗೊತ್ತಾಗಬಾರದೆಂದು ಫೋನನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾಳೆ.” ಇದರಲ್ಲಿ ಎರಡು ತಪ್ಪಿವೆ. ಐದು ಸೆಕೆಂಡಿಗೆ ಇದು ಹಿಡಿಸುವುದಿಲ್ಲ, ಬಾಲ ಸೊಸೆಯ ಮಾತಿನ ಮೇಲೆ ಬೀಳುತ್ತದೆ. ಅದಕ್ಕಿಂತ ದೊಡ್ಡ ತಪ್ಪು ‘ಸೊಸೆಗೆ ಗೊತ್ತಾಗಬಾರದೆಂದು’ ಎಂಬುದು. ಕಣ್ಣಿದ್ದವರಿಗೂ ಆ ಗಳಿಗೆಯಲ್ಲಿ ಅದು ಗೊತ್ತಿಲ್ಲ. ಸೊಸೆ ಕೇಳಿ, ಅಜ್ಜಿ ಸುಳ್ಳು ಹೇಳಿದಾಗಲೇ ಎಲ್ಲರಿಗೂ ಹೊಳೆಯುವುದು. ಆ ಹೊಳೆಯುವ ಸುಖವನ್ನು ವಿವರಣೆ ಕಸಿದುಕೊಳ್ಳಬಾರದು.

ತಿದ್ದಿದ ಮೇಲೆ ಉಳಿಯುವುದು ಇಷ್ಟು: “ಫೋನಿನಲ್ಲಿ ‘ಮಗ’ ಎಂಬ ಹೆಸರು. ಅಜ್ಜಿ ಅದನ್ನು ಅಕ್ಕಿ ಡಬ್ಬದಲ್ಲಿಟ್ಟು ಮುಚ್ಚುತ್ತಾಳೆ.” ಒಂಬತ್ತು ಪದ. ಕಂಡದ್ದನ್ನಷ್ಟೇ ಹೇಳಿದೆ, ಅರ್ಥವನ್ನು ಕೇಳುಗರಿಗೇ ಬಿಟ್ಟಿದೆ. ಆಮೇಲೆ ಡಬ್ಬದೊಳಗಿನ ರಿಂಗ್ ಕೇಳಿಸಿದಾಗ ಯಾರೂ ಏನೂ ಹೇಳಬೇಕಾಗಿಲ್ಲ. ಅಲ್ಲಿ ವಿವರಣೆಯ ದನಿ ಸುಮ್ಮನಿರಬೇಕು.

ಓದಿ ಮುದ್ರಿಸಿದ ದನಿಯನ್ನು ಮೂಲ ಧ್ವನಿಯ ಜೊತೆ ಬೆರೆಸುವಾಗ, ಆ ಐದು ಸೆಕೆಂಡಿನಲ್ಲಿ ಮೂಲ ಧ್ವನಿಯನ್ನು ತಗ್ಗಿಸಬೇಕು. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಇದಕ್ಕೆಂದೇ `Auto Duck` ಎಂಬ ಸೌಲಭ್ಯವಿದೆ. ಪೂರ್ತಿ ಅಡಗಿಸಬಾರದು. ರಿಂಗ್ ಸಣ್ಣಗೆ ಕೇಳಿಸುತ್ತಲೇ ಇರಬೇಕು, ಇಲ್ಲದಿದ್ದರೆ ಫೋನ್ ನಿಂತುಹೋಯಿತು ಎಂದು ಕೇಳುಗರು ತಿಳಿಯುತ್ತಾರೆ. ಹೀಗೆ ಸಿದ್ಧವಾದದ್ದನ್ನು ಇನ್ನೊಂದು ವಿಡಿಯೊ ಆಗಿ, ಹೆಸರಿನಲ್ಲೇ ‘ದೃಶ್ಯ ವಿವರಣೆ ಸಹಿತ’ ಎಂದು ಬರೆದು ಹಾಕಬಹುದು.

ಎಲ್ಲ ಚಿತ್ರಕ್ಕೂ ಬಿಡುವು ಸಿಗುವುದಿಲ್ಲ. ಮಾತು ನಿಲ್ಲದ ಪಾಠದ ವಿಡಿಯೊದಲ್ಲಿ ಚಿತ್ರವನ್ನೇ ತಡೆದು ನಿಲ್ಲಿಸಿ ವಿವರಿಸುವ ಕ್ರಮವೂ ಇದೆ. ಸಂಜ್ಞಾ ಭಾಷೆಯನ್ನೇ ತಾಯಿನುಡಿಯಂತೆ ಬಳಸುವ ಎಷ್ಟೋ ಕಿವುಡರಿಗೆ ಬರೆದ ಕನ್ನಡ ಎರಡನೆಯ ಭಾಷೆ, ಅವರಿಗೆ ಕ್ಯಾಪ್ಶನ್ ಒಂದೇ ಸಾಲದು.

ದೊಡ್ಡ ಚಿತ್ರಗಳಿಗೆ ಇದೀಗ ಕಾನೂನಿನ ಒತ್ತಡ ಬಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದಕ್ಕೆ ಬುನಾದಿ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್, ಹಿಂದಿಯ ‘ಪಠಾಣ್’ ಚಿತ್ರ ಒಟಿಟಿಗೆ ಬರುವ ಮೊದಲು ಕ್ಯಾಪ್ಶನ್ ಮತ್ತು ದೃಶ್ಯ ವಿವರಣೆ ಸಿದ್ಧಪಡಿಸುವಂತೆ ನಿರ್ಮಾಪಕರಿಗೆ ಸೂಚಿಸಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಲ್ಲಿ ತೋರಿಸುವ ಚಿತ್ರಗಳಿಗೂ ಮಾರ್ಗಸೂಚಿ ಹೊರಡಿಸಿತು.

ನಿಮ್ಮ ಕೈಯಲ್ಲಿ ಮುಗಿದ ವಿಡಿಯೊ ಒಂದಿದ್ದರೆ ಮೊದಲು ಧ್ವನಿ ನಿಲ್ಲಿಸಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಕೇಳಿ. ಎಲ್ಲೆಲ್ಲಿ ಕಥೆ ಕೈತಪ್ಪಿತೋ ಗುರುತು ಹಾಕಿ, ಅಲ್ಲಿಂದ ಕೆಲಸ ಶುರುಮಾಡಿ. ಕೆಲಸ ಮುಗಿದ ಮೇಲೆ ಒಬ್ಬ ಕಿವುಡರಿಗೂ ಒಬ್ಬ ಅಂಧರಿಗೂ ಅದನ್ನು ತಲುಪಿಸಿ. ‘ಚೆನ್ನಾಗಿದೆಯಾ’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ‘ಅಜ್ಜಿ ಸೊಸೆಗೆ ನಿಜ ಹೇಳಿದಳೇ?’ ಎಂದು ಕೇಳಿ. ‘ಇಲ್ಲ’ ಎಂದು ಇಬ್ಬರೂ ಹೇಳಿದರೆ ಆ ದೃಶ್ಯ ಮುಗಿಯಿತು.